ಇಪ್ಪತ್ತೆರಡು ಅಕ್ಕಿಕಾಳು

'ಉತ್ತಮ ಸ್ಥಿತಿಯಲ್ಲಿದೆ' ಎಂಬ ಮಾತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲಿ ಬಣ್ಣ ಹೋಗಿದೆ, ಚಕ್ರ ತಿರುಗಿಸಿದರೆ ಏನು ಸದ್ದು ಬರುತ್ತದೆ, ದಪ್ಪ ಬಟ್ಟೆಗೆ ಸೂಜಿ ತಡವರಿಸುತ್ತದೋ ಇಲ್ಲವೋ, ಒಂದನ್ನೂ ಹೇಳದೆ ನುಣುಚಿಕೊಳ್ಳುವ ಮಾತು ಅದು. ಮಾರುವವನು ಮಿಷನ್ನಿನ ಮುಖ ಕೂಡ ನೋಡಿಲ್ಲ ಎಂದೇ ಅದರ ಅರ್ಥ.

ನಮ್ಮದು ಹಳೆಯ ಹೊಲಿಗೆ ಮಿಷನ್ನುಗಳ ಅಂಗಡಿ. ಅಲ್ಲಿ ಇಲ್ಲಿ ಮೂಲೆ ಸೇರಿದ ಮಿಷನ್ನುಗಳನ್ನು ತಂದು, ಬಿಚ್ಚಿ, ಜಿಡ್ಡು ತೆಗೆದು, ಎಣ್ಣೆ ಬಿಟ್ಟು, ಮತ್ತೆ ಹೊಲಿಯುವ ಹಾಗೆ ಮಾಡುತ್ತೇವೆ. ಆಮೇಲೆ ಒಂದೊಂದಕ್ಕೂ ಇಂಟರ್ನೆಟ್ಟಿನಲ್ಲಿ ಒಂದೊಂದು ಪುಟ ಮಾಡಿ ಮಾರುತ್ತೇವೆ. ಬಿಚ್ಚಿ ಜೋಡಿಸುವುದು ಅಣ್ಣ. ಬರೆಯುವುದು ನಾನು. ಅವನು ನನ್ನನ್ನು ಕರೆಯುವುದು 'ಪುರಾಣ' ಎಂದು. "ಪುರಾಣ, ಆಯ್ತೇನೇ? ಮಿಷನ್ ಮಾರೋಕೆ ಹೇಳಿದ್ರೆ ಅದರ ಜಾತಕ ಬರೀತಾ ಕೂತಿದೀಯ!" ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಾನೆ. ಹೇಳುತ್ತಿದ್ದ.

ನೂರಾರು ಮಿಷನ್ನುಗಳಿಗೆ ಒಂದೊಂದು ಪುಟವನ್ನೂ ಮೊದಲಿನಿಂದ ಬರೆಯಲು ನನಗೇನು ಹುಚ್ಚೇ? ನನ್ನದೊಂದು ಅಚ್ಚು ಇತ್ತು. ಅದರ ಮೇಲಿನ ಅರ್ಧ ಎಲ್ಲಕ್ಕೂ ಒಂದೇ: ಯಾವ ಮಾದರಿ, ಯಾವ ಅಳತೆಯ ಸೂಜಿ, ಜೊತೆಗೆ ಏನೇನು ಬರುತ್ತದೆ, ವಾಪಸ್ ಕಳಿಸುವುದು ಹೇಗೆ. ಕೆಳಗಿನ ಅರ್ಧಕ್ಕೆ 'ಇದರದ್ದೇ ಗುರುತು' ಎಂದು ಹೆಸರಿಟ್ಟಿದ್ದೆ. ಅಲ್ಲಿ ನಾಲ್ಕು ಸಾಲು ಖಾಲಿ. ಸುಮ್ಮನೆ ಖಾಲಿ ಬಿಟ್ಟಿರಲಿಲ್ಲ. ಪ್ರತಿ ಸಾಲಿನಲ್ಲೂ 'ಇನ್ನೂ ನೋಡಿಲ್ಲ' ಎಂದು ಬರೆದಿಟ್ಟಿದ್ದೆ. ಮರೆತು ಹಾಗೇ ಹಾಕಿಬಿಟ್ಟರೆ ಕೊಳ್ಳುವವರಿಗೆ 'ಇನ್ನೂ ನೋಡಿಲ್ಲ' ಎಂದೇ ಕಾಣಬೇಕು. ಮಾನ ಹೋದರೂ ಪರವಾಗಿಲ್ಲ, ಸುಳ್ಳು ಹೋಗಬಾರದು.

ಇನ್ನೊಂದು ನಿಯಮವಿತ್ತು. ಒಂದು ಮಿಷನ್ನಿನ ಬರೆದು ಮುಗಿಸಿದ ಪುಟವನ್ನು ನಕಲು ಮಾಡಿ ಇನ್ನೊಂದರ ಪುಟ ಮಾಡಕೂಡದು. ಪ್ರತಿ ಸಲವೂ ಖಾಲಿ ಅಚ್ಚಿನಿಂದಲೇ ಶುರು ಮಾಡಬೇಕು. ಬರೆದಿದ್ದನ್ನು ಕಂಡರೆ ಕಣ್ಣು 'ಆಯ್ತು' ಅಂದುಕೊಳ್ಳುತ್ತದೆ, ಮಿಷನ್ನಿನ ಕಡೆ ತಿರುಗುವುದೇ ಇಲ್ಲ. ಮತ್ತೆ, 'ಬಣ್ಣ ಬಳಿಯಲಾಗಿದೆ', 'ಬದಲಾಯಿಸಲಾಗಿದೆ' ಎಂದೂ ಬರೆಯಕೂಡದು. ಯಾರು ಬಳಿದರು, ಯಾರು ಬದಲಾಯಿಸಿದರು, ಗೊತ್ತಿದ್ದರೆ ಹೇಳಬೇಕು. ಇದನ್ನೆಲ್ಲ ಅಣ್ಣನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಅವನು ತಲೆಯಾಡಿಸುತ್ತಿದ್ದ, ಅಷ್ಟೆ.

ಹಿಂದಿನ ಕೋಣೆಯಲ್ಲಿ, ಹೂವಿನ ಚಿತ್ರದ ಹಳೆಯ ಬೆಡ್‌ಶೀಟಿನ ಕೆಳಗೆ, ಮಾರಾಟಕ್ಕಿಲ್ಲದ ಒಂದು ಮಿಷನ್ ಇತ್ತು. ಅದು ಅಮ್ಮನದು. ಅಮ್ಮ ಹೋಗುವ ಮೊದಲು ಅಣ್ಣನ ಎದುರಿಗೇ, "ಇದು ಅವಳಿಗೆ ಕಣೋ" ಎಂದಿದ್ದಳು. ನಾನಿರುವುದು ಬಾಡಿಗೆಯ ಒಂದೇ ಕೋಣೆಯಲ್ಲಿ. ಮಂಚ ಹಾಕಿದರೆ ಕುರ್ಚಿಗೆ ಜಾಗವಿಲ್ಲ. ದೊಡ್ಡ ಮನೆ ಸಿಗುವವರೆಗೆ ಅಂಗಡಿಯಲ್ಲೇ ಇರಲಿ ಎಂದು ಬಿಟ್ಟಿದ್ದೆ. ಸೂಜಿಯ ಬಲಕ್ಕೆ, ಕಪ್ಪು ಕಬ್ಬಿಣದ ಹಾಸಿನ ಮೇಲೆ, ಅಮ್ಮ ಐದು ಕೆಂಪು ಚುಕ್ಕೆ ಇಟ್ಟಿದ್ದಳು. ಉಗುರಿಗೆ ಹಚ್ಚುವ ಬಣ್ಣದ್ದು. ಸೂಜಿಯಿಂದ ಕಾಲಿಂಚು, ಅರ್ಧ, ಮುಕ್ಕಾಲು, ಒಂದು, ಒಂದೂಕಾಲು ದೂರಕ್ಕೆ ಒಂದೊಂದು. ಒಂದರ ಮೇಲೊಂದು ಹಚ್ಚಿ ಹಚ್ಚಿ ಸಾಸಿವೆಕಾಳಿನಷ್ಟು ಎತ್ತರ ಮಾಡಿದ್ದಳು. ಏಳು ವರ್ಷದ ನನಗೆ ಹೊಲಿಗೆ ಕಲಿಸುವಾಗ, "ಬಟ್ಟೆಯ ಅಂಚು ಚುಕ್ಕೆ ಮುಟ್ಟಿಕೊಂಡೇ ಹೋಗಬೇಕು, ನೋಡಬೇಡ, ಬೆರಳಲ್ಲಿ ತಿಳ್ಕೊ" ಎನ್ನುತ್ತಿದ್ದಳು. ಅಣ್ಣನೂ ಪಕ್ಕದಲ್ಲೇ ಕೂತು ಬಾಬಿನ್ನಿಗೆ ದಾರ ಸುತ್ತುತ್ತಿದ್ದ.

ಮೊನ್ನೆ ಒಂದು ಹೊಲಿಗೆ ತರಗತಿ ಮುಚ್ಚಿತು. ಅವರ ಇಪ್ಪತ್ತೆರಡು ಮಿಷನ್ ನಮ್ಮ ಅಂಗಡಿಗೆ ಬಂದವು. ಎಲ್ಲ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಕಪ್ಪು. ಅಮ್ಮನದೂ ಅದೇ ಮಾದರಿ. ಸಾಲಾಗಿ ನಿಲ್ಲಿಸಿದರೆ ಶಾಲೆಯ ಮಕ್ಕಳ ಹಾಗೆ ಕಾಣುತ್ತಿದ್ದವು. ಮೊದಲನೆಯದನ್ನು ನಾನೇ ನೋಡಿ ಬರೆದೆ: 'ಮುಂಭಾಗದ ಬಲಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದಿದೆ. ಹಾಸಿನ ಮೇಲೆ ಬೇರೆ ಯಾವ ಗುರುತೂ ಇಲ್ಲ. ಚಕ್ರದ ಮೊದಲ ಎರಡು ಸುತ್ತು ಬಿಗಿ, ಆಮೇಲೆ ಹಗುರ.' ಅಂದು ಸಂಜೆಯೇ ನನ್ನ ಎರಡೂ ಕಣ್ಣು ಕೆಂಡದಂತಾದವು. ಡಾಕ್ಟರು ಒಂದು ವಾರ ಫೋನೂ ಬೇಡ, ಕಂಪ್ಯೂಟರೂ ಬೇಡ, ಧೂಳಂತೂ ಬೇಡವೇ ಬೇಡ ಎಂದರು.

"ಹೋಗಿ ಮಲಗೇ, ನಾನ್ ನೋಡ್ಕೋತೀನಿ" ಎಂದ ಅಣ್ಣ.

"ಖಾಲಿ ಅಚ್ಚಿಂದ ಶುರು ಮಾಡು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡು."

"ಆಯ್ತು ಪುರಾಣ, ಆಯ್ತು."

ಎಂಟನೆಯ ದಿನ ಅಂಗಡಿಗೆ ಬಂದೆ. ಸಾಲು ಪೂರ್ತಿ ಖಾಲಿ. ಇಪ್ಪತ್ತೆರಡೂ ಹೋಗಿದ್ದವು. ಹಿಂದಿನ ಕೋಣೆಯಲ್ಲಿ ಬೆಡ್‌ಶೀಟಿನ ಗುಡ್ಡ ಹಾಗೇ ಇತ್ತು. ಹಾದುಹೋಗುವಾಗ ಅಭ್ಯಾಸದಂತೆ ಕೈ ಸವರಿದೆ. ಅಣ್ಣ ಕುರ್ಚಿಯಲ್ಲಿ ಒರಗಿಕೊಂಡು, "ನೋಡು, ನೀನಿದ್ದಿದ್ರೆ ಎರಡು ತಿಂಗಳು ಹಿಡೀತಿತ್ತು. ನಾನು ಒಂದು ಬೆಳಗ್ಗೆ ಇಪ್ಪತ್ತೆರಡು ಪುಟ ಹಾಕ್ದೆ, ಸಂಜೆಗೆ ಎಲ್ಲ ಬುಕ್ಕು" ಎಂದ.

ಒಂದು ಬೆಳಗ್ಗೆ ಇಪ್ಪತ್ತೆರಡೇ? ಕಂಪ್ಯೂಟರಿನ ಮುಂದೆ ಕೂತೆ. ಎರಡನೆಯ ಪುಟ: ಮುಂಭಾಗದ ಬಲಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದಿದೆ. ಒಂಬತ್ತನೆಯದು: ಬಲಮೂಲೆಯಲ್ಲಿ ಅಕ್ಕಿಕಾಳಿನಷ್ಟು. ಹತ್ತೊಂಬತ್ತು: ಅಕ್ಕಿಕಾಳು. ನಾನು ಬರೆದು ಮುಗಿಸಿದ ಮೊದಲ ಪುಟವನ್ನೇ ಫೋಟೋ ಸಮೇತ ಇಪ್ಪತ್ತೊಂದು ಸಲ ನಕಲು ಹೊಡೆದಿದ್ದ. ಇಪ್ಪತ್ತೆರಡು ಮಿಷನ್ನುಗಳು ಒಂದೇ ಮೂಲೆಯಲ್ಲಿ ಒಂದೇ ಗಾಯ ಮಾಡಿಕೊಂಡಿದ್ದವು!

ಕೊಂಡವರ ಸಂದೇಶಗಳೂ ಬಂದು ಬಿದ್ದಿದ್ದವು. ಒಬ್ಬ ದರ್ಜಿ ಬರೆದಿದ್ದ: 'ಮಿಷನ್ ಬಂತು, ಅಕ್ಕಿಕಾಳು ಮಾತ್ರ ಬಂದಿಲ್ಲ, ದಾರಿಯಲ್ಲಿ ಇಲಿ ತಿಂತಾ?' ಇನ್ನೊಬ್ಬರ ಮಿಷನ್ನಿನ ಎಡಬದಿಯಲ್ಲಿ ಅಂಗೈಯಗಲ ತುಕ್ಕು ಇತ್ತಂತೆ. ಅವರು ತಮಾಷೆ ಮಾಡಿರಲಿಲ್ಲ, ಬೈದಿದ್ದರು. ನನಗೆ ನಾಚಿಕೆಯಾಯಿತು. ಒಂದು ಮಿಷನ್ನಿನ ಬಗ್ಗೆ ನಾನು ಹೇಳಿದ ನಿಜ ಉಳಿದ ಇಪ್ಪತ್ತೊಂದರ ಬಗ್ಗೆ ಸುಳ್ಳಾಗಿತ್ತು.

"ಎಲ್ಲಾ ಒಂದೇ ಥರ ಇದ್ವು ಕಣೇ. ಏನ್ ಬೇರೆ ಬರೀಲಿ?" ಎಂದ ಅಣ್ಣ.

ಅಷ್ಟರಲ್ಲಿ ನಾನು ಹದಿನೇಳನೆಯ ಪುಟದ ಕೆಳಗಿನ ಸಂದೇಶ ಓದುತ್ತಿದ್ದೆ. ಅದು ಊರಿನ ಆ ತುದಿಯಲ್ಲಿ ಚೀಲ ಹೊಲಿಯುವ ಒಬ್ಬ ಹೆಂಗಸಿನದು. ಈ ಹಿಂದೆಯೂ ನಮ್ಮಿಂದ ಒಂದು ಮಿಷನ್ ಕೊಂಡವರು. 'ವಿವರದಲ್ಲಿ ಹಾಸಿನ ಮೇಲೆ ಗುರುತಿಲ್ಲ ಎಂದು ಬರೆದಿದ್ದೀರಿ. ಇದರಲ್ಲಿ ಸೂಜಿಯ ಬಲಕ್ಕೆ ಕೆಂಪು ಚುಕ್ಕೆಗಳಿವೆ, ಕೈಗೆ ಉಬ್ಬಾಗಿ ಸಿಗುತ್ತವೆ. ನನ್ನ ಕಣ್ಣು ಮಂಜಾಗಿದೆ, ಇವು ನನಗೆ ತುಂಬ ಅನುಕೂಲ. ನನ್ನ ಹಳೆಯ ಮಿಷನ್ನಿಗೂ ಇಂಥವನ್ನು ಹಾಕಿಕೊಡುತ್ತೀರಾ?'

ಎದ್ದು ಹಿಂದಿನ ಕೋಣೆಗೆ ಹೋಗಿ ಬೆಡ್‌ಶೀಟು ಎಳೆದೆ. ಅದರ ಕೆಳಗೆ ಕಪ್ಪು ಮಿಷನ್ ಇತ್ತು, ಅದೇ ಮಾದರಿ. ಕುತ್ತಿಗೆಯಿಂದ ಬುಡದವರೆಗೆ ಸೀಳಿತ್ತು. ಹಾಸಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

"ಅಣ್ಣಾ."

ಅವನು ಬಾಗಿಲಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು. "ಅಯ್ಯೋ" ಎಂದ. "ಪ್ಯಾಕ್ ಮಾಡೋವಾಗ ಒಂದು ಕೆಳಗ್ ಬಿದ್ದು ಸೀಳಿತ್ತು ಕಣೇ. ಪಕ್ಕಕ್ಕಿಡಿ ಅಂದಿದ್ದೆ. ಮಾಲು ಒಯ್ಯೋ ವ್ಯಾನಿನವರು ಅದಲು ಬದಲು ಮಾಡಿರಬೇಕು. ಎಲ್ಲ ಒಂದೇ ಥರ ಇದ್ರೆ ಯಾರಿಗ್ ಗೊತ್ತಾಗುತ್ತೆ ಹೇಳು?"

"ಅಮ್ಮಂದು ನಿಂಗೂ ಗೊತ್ತಾಗ್ಲಿಲ್ವಾ?"

"ನಿನ್ನಾಣೆಗೂ ನೋಡ್ಲಿಲ್ಲ. ಎಷ್ಟು ಗಡಿಬಿಡಿ ಇತ್ತು ಗೊತ್ತಾ?" ಅವನ ಕಣ್ಣು ತುಂಬಿದವು. ಅಣ್ಣ ಅಳುವುದನ್ನು ನಾನು ಕಂಡಿದ್ದು ಅಮ್ಮ ಹೋದ ದಿನ ಮಾತ್ರ. ನನಗೆ ಅವನನ್ನು ಕಚ್ಚಿ ತಿನ್ನುವಷ್ಟು ಕೋಪವಿತ್ತು, ಆದರೂ ನಂಬಿದೆ. ಸೋಮಾರಿತನದಿಂದ ಆದ ಅನಾಹುತ, ಬೇಕೆಂದು ಮಾಡಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೋಡಲಿಲ್ಲ ಎಂಬ ತಪ್ಪನ್ನು ಕ್ಷಮಿಸಬಹುದು. ಬೈದು, ಮುನಿಸಿಕೊಂಡು, ನಾಲ್ಕು ದಿನ ಮಾತು ಬಿಟ್ಟು, ಮತ್ತೆ ಒಂದಾಗಬಹುದು.

ನಾವು ಮಾರುವ ವೆಬ್‌ಸೈಟಿನಲ್ಲಿ ವಾಪಸಾತಿಗೆ ಬುಕ್ ಆದ ದಿನದಿಂದ ಹತ್ತು ದಿನದ ಗಡುವು. ಅದರಲ್ಲಿ ಎರಡೇ ದಿನ ಉಳಿದಿತ್ತು. ಅದೂ ವಿವರಕ್ಕೆ ಮಾಲು ಹೊಂದದಿದ್ದರೆ ಮಾತ್ರ, ಕೊಂಡವರು ಒಪ್ಪಿದರೆ ಮಾತ್ರ. ಅಣ್ಣನ ಸುಳ್ಳು ಅಕ್ಕಿಕಾಳೇ ಈಗ ನನಗಿದ್ದ ಒಂದೇ ದಾರಿ. ಚೀಲದಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ನಿಮ್ಮ ತಾಯಿಯವರದಾ?" ಎಂದರು. "ಬನ್ನಿ ಹಾಗಾದ್ರೆ. ಆದ್ರೆ ನನ್ನನ್ನ ಬರಿಗೈ ಮಾಡಬೇಡಿ, ಆರ್ಡರ್ ಇದೆ."

ಅಂಗಡಿಯಲ್ಲಿದ್ದ ಮಿಷನ್ನುಗಳಲ್ಲಿ ಒಂದನ್ನು ಆರಿಸಿದೆ. ಬೇರೆ ಮಾದರಿ, ಆದರೆ ಚೀಲದ ದಪ್ಪ ಬಟ್ಟೆಗೆ ಇದೇ ಸರಿ. ಅದನ್ನು ಕಿಟಕಿಯ ಬಳಿ ಇಟ್ಟು, ಒಂದು ಗಂಟೆ ಹೊಲಿದು ನೋಡಿ, ಒಂದು ಹಾಳೆಯಲ್ಲಿ ಕೈಯಾರೆ ಬರೆದೆ: 'ಬಾಬಿನ್ನಿನ ಮುಚ್ಚಳ ಸಡಿಲ, ಒತ್ತಿ ಹಾಕಬೇಕು. ನಾಲ್ಕು ಪದರದ ಕ್ಯಾನ್ವಾಸ್ ಸಲೀಸು, ಐದಕ್ಕೆ ಚಕ್ರಕ್ಕೆ ಕೈ ಕೊಡಬೇಕು. ಎಣ್ಣೆಯ ತೂತು ಮೂರನೆಯದು ಕಟ್ಟಿತ್ತು, ನಾನು ಸೂಜಿಯಿಂದ ಬಿಡಿಸಿದೆ.' ಉಗುರು ಬಣ್ಣದ ಒಂದು ಶೀಸೆ ಕೊಂಡುಕೊಂಡು ಬಾಡಿಗೆ ವ್ಯಾನ್ ಹತ್ತಿದೆ. ಅಣ್ಣ, "ನಾನೂ ಬರ್ಲಾ?" ಎಂದ. ಬೇಡ ಎಂದೆ.

ಚೀಲದಮ್ಮನ ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಗೊರಗಿಸಿದ ಖಾಕಿ ಬಟ್ಟೆಯ ಸುರುಳಿ, ನೆಲದ ತುಂಬ ಹಿಡಿಕೆಯ ಪಟ್ಟಿಗಳು. ಕಿಟಕಿಯ ಕೆಳಗೆ ಅಮ್ಮನ ಮಿಷನ್. ಅವರು ಹೊಲಿಯುತ್ತಿದ್ದರು, ಮುಖ ನನ್ನ ಕಡೆ, ಬೆರಳು ಮಾತ್ರ ಚುಕ್ಕೆಯ ಮೇಲೆ. ಅಂಚು ದಾರ ಹಿಡಿದಷ್ಟು ನೇರವಾಗಿ ಬರುತ್ತಿತ್ತು. ಇವರಿಂದ ಇದನ್ನು ಕಿತ್ತುಕೊಂಡು ಹೋಗುವುದು ಹೇಗೆ ಎಂದು ನಿಂತೆ.

"ಕೂತ್ಕೋಮ್ಮ. ನಿಮ್ಮ ಅಂಗಡಿಯವರು ಬರೆದಿದ್ದಾರೆ ಅಂದ್ರೆ ನಾನು ಮಗಳ ಕೈಲಿ ಎರಡು ಸಲ ಓದಿಸಿ ಕೇಳ್ತೀನಿ. ಹೋದ ಸಲದ್ದು 'ಚಳಿಗೆ ಚಕ್ರ ಮುನಿಸ್ಕೊಳುತ್ತೆ' ಅಂತ ಬರೆದಿದ್ರಿ. ಹಾಗೇ ಇತ್ತು! ಈ ಸಲ ಅಕ್ಕಿಕಾಳು ಹುಡುಕಿ ಹುಡುಕಿ ಬೆರಳು ಸವೀತು."

"ಈ ಸಲ ನಾನು ಬರೀಲಿಲ್ಲ ಅಮ್ಮ. ನನ್ನ ಮಾತನ್ನೇ ಎಲ್ಲಕ್ಕೂ ಅಂಟಿಸಿಬಿಟ್ರು."

"ಅದಕ್ಕೇ. ಮಾತು ನಿಮ್ಮದೇ, ಆದ್ರೆ ಮಿಷನ್ ಬೇರೆ ಅನ್ನಿಸ್ತು."

ಅವರು ಜಾಗ ಬಿಟ್ಟುಕೊಟ್ಟರು. ನಾನು ಕೂತು ಕಣ್ಣು ಮುಚ್ಚಿ ಬೆರಳಿಟ್ಟೆ. ಮುಕ್ಕಾಲು ಇಂಚು ಸಿಕ್ಕಿತು. ಒಂದು ಸಿಕ್ಕಿತು. ಒಂದೂಕಾಲು ಸಿಕ್ಕಿತು. ಕಾಲು ಮತ್ತು ಅರ್ಧದ ಜಾಗದಲ್ಲಿ ಬೆರಳು ಜಾರಿತು. ಅಲ್ಲಿ ಏನೂ ಇರಲಿಲ್ಲ.

"ಎಷ್ಟಿವೆ ಅಮ್ಮ ಚುಕ್ಕೆ?"

"ಮೂರು. ಯಾಕೆ? ಮೂರೇ ಇದ್ವು. ಸೂಜಿ ಹತ್ರ ಒಂಥರಾ ಒರಟು ಇದೆ ನೋಡಿ, ಮೊದಲ ದಿನ ಅಲ್ಲಿ ಘಾಟು ಹೊಡೀತಿತ್ತು."

ಕಣ್ಣು ತೆರೆದು ಬಗ್ಗಿ ನೋಡಿದೆ. ಕಪ್ಪು ಮಿನುಗಿನ ಮಧ್ಯೆ ಬಟಾಣಿಕಾಳಿನಷ್ಟಗಲದ ಎರಡು ಮಂಕು ಕಲೆ. ಬಟ್ಟೆ ಅದ್ದಿ ಉಜ್ಜಿದ ಗೆರೆಗಳು ಸುತ್ತಲೂ ಹರಡಿದ್ದವು. ಒಂದರ ಅಂಚಿನಲ್ಲಿ ಇನ್ನೂ ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ಥಿನ್ನರ್. ಜಿಡ್ಡು ತೆಗೆಯಲು ನಮ್ಮ ಅಂಗಡಿಯಲ್ಲಿ ಅದನ್ನು ಬಳಸುವವನು ಅಣ್ಣ ಒಬ್ಬನೇ. ಮಿಷನ್ನಿನ ಬಣ್ಣವನ್ನೂ ತಿನ್ನುತ್ತದೆಂದು ನಾನು ಮುಟ್ಟುವುದೇ ಇಲ್ಲ.

ಹಾಗಾದರೆ ಅವನು ನೋಡಿದ್ದ. ಬೆಡ್‌ಶೀಟು ಎತ್ತಿ, ಅಮ್ಮನದೇ ಎಂದು ಗುರುತು ಹಿಡಿದು, ವಿವರದಲ್ಲಿ 'ಬೇರೆ ಯಾವ ಗುರುತೂ ಇಲ್ಲ' ಎಂದಿದೆಯಲ್ಲ ಎಂದು ಯೋಚಿಸಿದ್ದ. ಪುಟದ ಒಂದು ಸಾಲು ತಿದ್ದುವ ಬದಲು ಅಮ್ಮನ ಚುಕ್ಕೆಗಳನ್ನು ಅಳಿಸಲು ಕೂತಿದ್ದ. ನನ್ನ ವಾಕ್ಯಕ್ಕೆ ಹೊಂದಲಿ ಎಂದು. ಇಡೀ ವಾರದಲ್ಲಿ ಅವನು ಹತ್ತಿರದಿಂದ ನೋಡಿದ ಮಿಷನ್ ಇದೊಂದೇ ಇರಬೇಕು.

ನಾನು ಅತ್ತೆ. ಯಾರದೋ ಮನೆಯಲ್ಲಿ, ಖಾಕಿ ಚಿಂದಿಯಲ್ಲಿ ಮೂಗು ಒರೆಸಿಕೊಂಡು. ಚೀಲದಮ್ಮ ಏನೂ ಕೇಳದೆ ನೀರು ತಂದಿಟ್ಟರು. ಆಮೇಲೆ ನಾನು ತಂದಿದ್ದ ಮಿಷನ್ನಿನ ಹಾಳೆಯನ್ನು ಓದಿ ಹೇಳಿದೆ, ಅವರು ಐದು ಪದರ ಹಾಕಿ ಚಕ್ರಕ್ಕೆ ಕೈ ಕೊಟ್ಟು ನೋಡಿ, "ಹ್ಞೂ, ಹೇಳಿದ ಹಾಗೇ ಇದೆ" ಎಂದರು. ಟೇಪು ಹಿಡಿದು ಅಳೆದು, ಆ ಮಿಷನ್ನಿಗೂ ಅವರ ಹಳೆಯದಕ್ಕೂ ಐದೈದು ಚುಕ್ಕೆ ಇಟ್ಟೆ. ಒಂದು ಒಣಗಿದ ಮೇಲೆ ಇನ್ನೊಂದು, ಆರಾರು ಸಲ. ಹೊರಡುವಾಗ ಅವರು ವಾಪಸಾತಿಯ ಕಾರಣವನ್ನು ತಮ್ಮ ಫೋನಿನಲ್ಲಿ ನನ್ನ ಕೈಯಲ್ಲೇ ಒತ್ತಿಸಿದರು: ವಿವರಕ್ಕೆ ಹೊಂದಿಲ್ಲ.

ಮಿಷನ್ ತಂದು ಅಣ್ಣನ ಮೇಜಿನ ಮೇಲೆ ಇಟ್ಟೆ.

"ಸಿಕ್ತಾ! ಅಬ್ಬ, ಬದುಕ್ದೆ" ಎಂದ.

"ಮೂರು ಚುಕ್ಕೆ ಸಿಕ್ತು."

ಅವನು ಮಿಷನ್ನನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ತನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದ. ಆಮೇಲೆ ಬಾಯಿ ಬಿಟ್ಟ. "ಇಪ್ಪತ್ತೆರಡೂ ಬುಕ್ ಆಗಿತ್ತು. ಒಂದ್ ಸೀಳಿಹೋಯ್ತು. ಕ್ಯಾನ್ಸಲ್ ಮಾಡಿದ್ರೆ ನಮ್ಮ ಅಂಗಡಿ ಐದು ನಕ್ಷತ್ರದಿಂದ ಕೆಳಗಿಳೀತಿತ್ತು. ಆಮೇಲೆ ಅಂಥದ್ದೇ ಇನ್ನೊಂದು ಹುಡುಕಿ ನಿಂಗೆ ತಂದಿಡೋಣ ಅಂದ್ಕೊಂಡಿದ್ದೆ ಕಣೇ. ಅದೇ ಮಾದರಿ. ನೀನು ಬಟ್ಟೆ ಎತ್ತಿ ನೋಡೋದೂ ಅಪರೂಪ..."

"ಚುಕ್ಕೆ?"

"ಅದನ್ನೂ ಇಡ್ತಿದ್ದೆ."

"ಐದೂ ಯಾಕೆ ಅಳಿಸ್ಲಿಲ್ಲ ಮತ್ತೆ?"

"ವ್ಯಾನ್ ಬಂತು" ಎಂದ ಅಣ್ಣ.

ಕೈ ನಡುಗಿತು, ಅಮ್ಮ ನೆನಪಾದಳು ಎಂದಿದ್ದರೆ ನಾನು ಇನ್ನೊಂದು ಸಲ ನಂಬುತ್ತಿದ್ದೆನೇನೋ. ವ್ಯಾನ್ ಬಂತಂತೆ. ವ್ಯಾನಿಗೊಂದು ದೊಡ್ಡ ನಮಸ್ಕಾರ.

ವಾಪಸ್ ಬಂದ ಮಾಲಿನ ಪುಟ ಬರೆಯಲು ಮತ್ತೆ ತೆರೆದುಕೊಳ್ಳುತ್ತದೆ. ಹದಿನೇಳನೆಯದು ತೆರೆದಿತ್ತು. ಕೂತು ಅಕ್ಕಿಕಾಳಿನ ಸಾಲು ಅಳಿಸಿದೆ. 'ಇದರದ್ದೇ ಗುರುತು' ಎಂಬುದರ ಕೆಳಗೆ ಬರೆದೆ: 'ಸೂಜಿಯ ಬಲಕ್ಕೆ ಕೆಂಪು ಚುಕ್ಕೆ ಮೂರು. ಮೊದಲು ಐದಿದ್ದವು, ಮಗಳಿಗೆ ಹೊಲಿಗೆ ಕಲಿಸಲು ಅಮ್ಮ ಇಟ್ಟದ್ದು. ಸೂಜಿಯ ಹತ್ತಿರದ ಎರಡನ್ನು ಥಿನ್ನರಿನಿಂದ ಉಜ್ಜಿ ಅಳಿಸಲಾಗಿದೆ.'

ಕೊನೆಯ ಪದದ ಮೇಲೆ ಕಣ್ಣು ನಿಂತಿತು. ಅದನ್ನು ತೆಗೆದು, 'ನನ್ನ ಅಣ್ಣ ಉಜ್ಜಿ ಅಳಿಸಿದ' ಎಂದು ಬರೆದೆ.

ಅಣ್ಣ ಬೆನ್ನ ಹಿಂದೆ ಬಂದು ನಿಂತಿದ್ದ. ಅವನ ಉಸಿರು ಕೇಳುತ್ತಿತ್ತು. "ಮಾರೋದಿಲ್ಲ ಅಂದ್ಮೇಲೆ ಯಾಕೆ ಬರೀತೀಯ? ಯಾರು ಓದ್ತಾರೆ ಇದನ್ನ?" ಎಂದ.

"ಓದಬೇಕಾದವನು ಓದಿದ" ಎಂದೆ. ಅಂಗಡಿಯ ಬೀಗದಕೈಯನ್ನು ಮೇಜಿನ ಮೇಲಿಟ್ಟು, ಅಮ್ಮನ ಮಿಷನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ನನ್ನ ಕೋಣೆಯಲ್ಲಿ ಜಾಗವಿರಲಿಲ್ಲ. ಮಂಚವನ್ನು ಹೊರಗೆ ಹಾಕಿದೆ.